ಎಂಟು ಗಜದ ಸೀರೆಯ ಚೀಟಿ

ಇಳಕಲ್ಲಿನ ಯಾಕೂಬಸಾಬ ತನ್ನ ಜೀವಮಾನದಲ್ಲಿ ಎಷ್ಟು ಸೀರೆಗಳ ಗುಣಗಾನ ಬರೆದನೋ ಅವನಿಗೇ ಗೊತ್ತಿರಲಿಲ್ಲ. ಉಟ್ಟವರು ಉಟ್ಟು ಹರಿದರು, ಕೊಂಡವರು ಕೊಂಡು ಮರೆತರು. ಅವನ ಬೆನ್ನು ಮಾತ್ರ ಬಗ್ಗಿದ್ದು ನೆಟ್ಟಗಾಗಲಿಲ್ಲ. ಮೊದಲು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಬಗ್ಗಿದ. ಮೊಣಕಾಲು ಹಿಡಿದುಕೊಂಡ ಮೇಲೆ ಸೀರೆ ವ್ಯಾಪಾರಿ ರಾಚಯ್ಯನ ಅಂಗಡಿಯ ಮೇಜಿನ ಮುಂದೆ ಕೂತು ಬಗ್ಗಿದ. ಬಗ್ಗುವ ಜಾಗ ಬದಲಾಯಿತೇ ಹೊರತು ಬಗ್ಗುವುದು ತಪ್ಪಲಿಲ್ಲ.

ಕನ್ನಡ ಸಾಲೆಯಲ್ಲಿ ನಾಲ್ಕು ಇಯತ್ತೆ ಕಲಿತಿದ್ದ. ಹರೆಯದಲ್ಲಿ ಒಂದಷ್ಟು ಕಾಲ ಹುನಗುಂದದ ಕಚೇರಿಯಲ್ಲಿ ನಕಲು ಬರೆಯುವ ಕೆಲಸ ಸಿಕ್ಕಿತ್ತು. ಆ ಕೆಲಸ ಉಳಿಯಲಿಲ್ಲ, ಅಲ್ಲಿ ಕಲಿತ ಒಂದು ಚಾಳಿ ಉಳಿಯಿತು. ಹೊಲದ ಮೇಲೆ ಹೊಲ, ಹೆಸರಿನ ಮೇಲೆ ಹೆಸರು ಬರೆಯುವಾಗ, ಮೇಲಿನ ಸಾಲಿನಲ್ಲಿದ್ದದ್ದೇ ಕೆಳಗೂ ಇದ್ದರೆ ಕಾರಕೂನರು ಅದನ್ನು ಮತ್ತೆ ಬರೆಯುತ್ತಿರಲಿಲ್ಲ, ‘ಸದರ’ ಎಂದು ಗೀಚುತ್ತಿದ್ದರು. ಮೇಲೆ ಹೇಳಿದಂತೆಯೇ ಎಂದು ಅರ್ಥ. ಕೈಗೆ ಇಂಥ ಸುಖ ಕೊಡುವ ಶಬ್ದ ಕನ್ನಡದಲ್ಲಿ ಇನ್ನೊಂದಿಲ್ಲ ಎಂದು ಯಾಕೂಬಸಾಬ ಹೇಳುತ್ತಿದ್ದ. ಪಾಪ, ಆ ಸುಖವೇ ಮುಂದೆ ಅವನ ಮನೆ ಬಾಗಿಲಿಗೆ ಬಂದು ನಿಂತಿತು.

ರಾಚಯ್ಯನ ಅಂಗಡಿ ಸಂತೆಯ ವ್ಯಾಪಾರವನ್ನಷ್ಟೇ ನಂಬಿಕೊಂಡಿರಲಿಲ್ಲ. ಬಾಗಲಕೋಟೆಗೆ ರೈಲು ಬಂದು ಇಪ್ಪತ್ತು ವರ್ಷ ದಾಟಿತ್ತು. ಪೋಸ್ಟಿನಲ್ಲಿ ವಿ.ಪಿ. ಪಾರ್ಸಲ್ ಮಾಡಿದರೆ ಸೀರೆ ಸೊಲ್ಲಾಪುರಕ್ಕೂ ಹೋಗುತ್ತಿತ್ತು, ಧಾರವಾಡಕ್ಕೂ ಹೋಗುತ್ತಿತ್ತು; ಅಲ್ಲಿ ಪಾರ್ಸಲ್ ಬಿಡಿಸಿಕೊಂಡವರು ಅಂಚೆಯವನ ಕೈಗೆ ಹಣ ಕೊಡಬೇಕು, ಒಲ್ಲೆನೆಂದರೆ ಅದು ತಿರುಗಿ ಇಳಕಲ್ಲಿಗೆ ಬರಬೇಕು. ಮನೆಯ ಹೊಸ್ತಿಲು ದಾಟಿ ಇಳಕಲ್ಲಿಗೆ ಬರಲಾರದ ಹೆಂಗಸರು ಕಾಗದ ಬರೆಸುತ್ತಿದ್ದರು: ಇಂಥ ಬಣ್ಣದ್ದು ಏನೇನಿದೆ, ತಿಳಿಸಿರಿ. ಯಾಕೂಬಸಾಬ ತಿಳಿಸುತ್ತಿದ್ದ. ಅವರು ಸೀರೆಯನ್ನು ಕಣ್ಣಿಂದ ಕಾಣರು, ಕೈಯಿಂದ ಮುಟ್ಟರು. ಇವನ ಅಕ್ಷರವೇ ಅವರಿಗೆ ಕಣ್ಣು, ಅದೇ ಕೈ.

ಈ ಕೆಲಸ ಹೇಗೆ ನಡೆಯುತ್ತಿತ್ತೆಂದರೆ, ನೇಕಾರರು ಅಂಗಡಿಯಿಂದ ನೂಲು, ರೇಷ್ಮೆ ಒಯ್ದು ಸೀರೆ ನೇಯ್ದು ತಂದೊಪ್ಪಿಸುವರು. ಯಾಕೂಬಸಾಬ ಅದನ್ನು ನೋಡಿ ಒಂದು ಚೀಟಿ ಬರೆದು ಮಡಿಕೆಯೊಳಗೆ ಇಡುವನು. ಉದ್ದ ಎಷ್ಟು, ಒಡಲು ಯಾವ ಬಣ್ಣ, ಅಂಚಿನ ದಡಿ ಯಾವುದು, ಸೆರಗಿನ ತೆನೆಯ ಚಿತ್ತಾರ ಎಂಥದು, ಹಣಿಗೆಯ ಹಲ್ಲಿನಂಥದೋ, ಕೋಟೆಯ ಕೊಮ್ಮೆಯಂಥದೋ, ಜೋಳದ ತೆನೆಯಂಥದೋ. ಗಿರಾಕಿಯ ಕಾಗದ ಬಂದಾಗ ಆ ಚೀಟಿಯನ್ನೇ ನೋಡಿ ನಕಲು ಮಾಡಿ ಕಳಿಸುವನು. ಮೊದಮೊದಲು ಸೀರೆಗೊಂದು ಚೀಟಿ ಪೂರ್ತಿ ಬರೆಯುತ್ತಿದ್ದ. ಆದರೆ ಕರಿ ಒಡಲು, ಬಿಳಿ ಗೆರೆ, ಕೆಂಪು ಸೆರಗು ಎಂದು ಒಂದೇ ತರಹದವು ಒಂದರ ಹಿಂದೊಂದು ಬರತೊಡಗಿದಾಗ ಯಾರ ಕೈ ತಾನೇ ಸೋಲುವುದಿಲ್ಲ? ಗಂಟಿನ ಮೇಲಿನ ಸೀರೆಗೆ ಪೂರ್ತಿ ಬರೆದು, ಅದರ ಕೆಳಗಿನ ಸೀರೆಗಳಿಗೆಲ್ಲ ‘ಸದರ’ ಎಂದು ಗೀಚಿದ. ಹಾಗೆಯೇ ಎಷ್ಟೋ ವರ್ಷ ಸಾಗಿತು. ಯಾರೂ ಕೇಳಲಿಲ್ಲ, ಅವನಿಗೂ ಯಾರೂ ಕೇಳುವುದು ಬೇಕಿರಲಿಲ್ಲ.

ಅವನ ಹೆಂಡತಿ ಲಾಡಬಿ ಇನ್ನೂ ನೇಯುತ್ತಿದ್ದಳು. ಗಂಡ ಬಿಟ್ಟ ಮಗ್ಗದ ಕುಣಿಗೆ ಇಳಿದವಳು ಮೇಲೇಳಲೇ ಇಲ್ಲ. ಅಂಗಡಿಯ ಕಡೆಗೆ ಅವಳು ಬರುವವಳಲ್ಲ. ಅವಳ ನೂಲು ತರುವುದು, ಸೀರೆ ಒಪ್ಪಿಸುವುದು ಎಲ್ಲ ಯಾಕೂಬಸಾಬನದೇ. ಸೀರೆ ಕೊಟ್ಟು ಬಂದ ದಿನ ಅವಳು ರೊಟ್ಟಿ ಬಡಿಯುತ್ತ ಕೇಳುವಳು: “ನನ್ನ ಸೀರಿಗೆ ಏನ ಬರದ್ರಿ?”

“ಚೊಲೊ ಬರದೀನಿ,” ಎನ್ನುವನು ಇವನು.

ಅಕ್ಷರ ಬಾರದ ಲಾಡಬಿ ಅಷ್ಟಕ್ಕೇ ತೃಪ್ತಳು. ಗಂಡ ಬರೆಯುವವನಾಗಿರುವುದು ತನ್ನ ಕೈಗೆ ಸಿಕ್ಕ ದೊಡ್ಡ ಬಾಗಿನವೆಂದೇ ಅವಳು ತಿಳಿದಿದ್ದಳು.

ಆ ವರ್ಷ ಚಳಿ ಮುಗಿಯುತ್ತ ಬಂದಾಗ ಬಾಗಲಕೋಟೆಯಿಂದ ನೀಲಾಬಾಯಿ ಎಂಬ ಗಿರಾಕಿಯ ಕಾಗದ ಬಂತು. ಕಚ್ಚೆ ಹಾಕಿ ಉಡುವ ಮನೆತನ, ಮಗಳ ಮದುವೆ ಗೊತ್ತಾಗಿದೆ, ಬೀಗರ ಕಡೆಯ ಹಿರಿಯಳಿಗೆ ಕೊಡಲು ಒಂಬತ್ತು ಗಜದ ಕರಿ ಒಡಲಿನ ಸೀರೆ ಬೇಕು. ಆ ಹಿರಿಯಳಿಗೆ ಆ ಬಣ್ಣವೇ ಪ್ರೀತಿ. ಯಾಕೂಬಸಾಬ ಎದ್ದು ಗಂಟು ಇಳಿಸಿದ. ಮೇಲೆ ಪದ್ಮವ್ವ ನೇಯ್ದ ಒಂಬತ್ತು ಗಜದ ಸೀರೆ, ಪೂರ್ತಿ ಬರೆದ ಚೀಟಿ. ಆದರೆ ಅದರ ದಡಿ ನೀಲಾಬಾಯಿ ಕೇಳಿದ್ದಕ್ಕಿಂತ ಅಗಲ. ಕೆಳಗಿನದರ ದಡಿ ಸರಿಯಾಗಿತ್ತು. ಚೀಟಿಯಲ್ಲಿ ‘ಸದರ, ದಡಿ ಸಣ್ಣದು’ ಎಂದಿತ್ತು. ಬಿಚ್ಚಿ ಅಳೆದರೆ ಮತ್ತೆ ಮಡಿಕೆ ಹಾಕಬೇಕು, ಅದಕ್ಕೆ ಎರಡು ಜೋಡಿ ಕೈ ಬೇಕು, ಅಂದು ಅವನ ಒಂದು ಜೋಡಿಯೇ ಮೇಲೇಳುತ್ತಿರಲಿಲ್ಲ. ಒಂಬತ್ತು ಗಜವೆಂದು ನಕಲು ಮಾಡಿ ಕಳಿಸಿದ. ನೀಲಾಬಾಯಿ ಒಪ್ಪಿದಳು. ಪಾರ್ಸಲ್ ಹೋಯಿತು.

ಸೀರೆ ತಿರುಗಿ ಬಂದ ದಿನ ನೇಕಾರರೆಲ್ಲ ಮಾಲು ಒಪ್ಪಿಸುವ ದಿನವಾಗಿತ್ತು. ಅಂಗಡಿಯ ಕಟ್ಟೆಯ ತುಂಬ ಮಂದಿ. ಹಣ ಕೊಟ್ಟು ಬಿಡಿಸಿಕೊಂಡಿದ್ದ ನೀಲಾಬಾಯಿ ಮತ್ತೆ ಅಂಚೆಯಲ್ಲಿ ಕಳಿಸಿದ್ದಳು, ಜೊತೆಗೆ ಒಂದು ಕಾಗದ ಇಟ್ಟಿದ್ದಳು. ಕಾಗದದಲ್ಲಿ ಬೈಗುಳವಿರಲಿಲ್ಲ, ಅದೇ ಹೆಚ್ಚು ಚುಚ್ಚುವಂತಿತ್ತು. ‘ಬೀಗರ ಹಿರಿಯಳು ಉಡಲು ಹೋದಾಗ ಕಚ್ಚೆಗೆ ಸೀರೆ ಸಾಲಲಿಲ್ಲ. ಹತ್ತು ಜನರೆದುರು ನಾವು ಕಡಿಮೆ ಕೊಟ್ಟವರಾದೆವು. ಪೇಟೆಯಲ್ಲಿ ಬೇರೆ ತಂದು ಕೊಟ್ಟೆವು. ಒಂದು ಗಜ ಎಲ್ಲಿ ಹೋಯಿತೆಂದು ನೀವು ನೋಡಿಕೊಳ್ಳಿರಿ.’

ರಾಚಯ್ಯ ಕಬ್ಬಿಣದ ಗಜದ ಕೋಲು ತೆಗೆದು ಎಲ್ಲರೆದುರು ಅಳೆದ. ಎಂಟಕ್ಕೆ ಸೀರೆ ಮುಗಿಯಿತು. ಚೀಟಿ ನೋಡಿದ, ನೇಯ್ದವರ ಗುರುತು ನೋಡಿದ.

“ಲಾಡಬಿದು,” ಅಂದ. “ಒಂಬತ್ತು ಗಜದ ನೂಲು ಒಯ್ದು ಎಂಟು ಗಜ ನೇದು ಕೊಟ್ಟಾಳ. ಒಂದು ಗಜದ ನೂಲು ನುಂಗ್ಯಾಳ. ಯಾಕೂಬಸಾಬ, ನಿನ್ನ ಮುಖಾ ನೋಡಿ ಪೋಲೀಸರ ತನಕ ಒಯ್ಯಂಗಿಲ್ಲ. ಆದ್ರ ಇನ್ನ ಮುಂದ ಆಕಿಗೆ ನೂಲು ಕೊಡಂಗಿಲ್ಲ.”

ರಾಚಯ್ಯ ಕೆಟ್ಟ ಮನುಷ್ಯನಲ್ಲ. ಆದರೆ ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಗಿರಾಕಿಗೆ ಹೋದ ಕಾಗದದಲ್ಲಿ ಒಂಬತ್ತು ಎಂದಿದೆ, ಕೋಲಿನಲ್ಲಿ ಎಂಟು ಬಂದಿದೆ, ಅಂದ ಮೇಲೆ ಕಳ್ಳತನ. ನಡುವೆ ಬರೆಯುವವನೊಬ್ಬ ಇದ್ದಾನೆಂಬುದು ಅವನ ತಲೆಗೆ ಹೊಳೆಯಲಿಲ್ಲ. ಹೊಳೆಯಬೇಕಾದದ್ದು ಬರೆದವನಿಗೆ. ಆದರೆ ಯಾಕೂಬಸಾಬ ಬಾಯಿ ತೆರೆಯಲಿಲ್ಲ. ಹೇಳಲು ನಾಚಿಕೆಯಾಗುವ ಮಾತು, ಆದರೂ ಹೇಳಬೇಕು: ಆ ಗಳಿಗೆ ಅವನಿಗೂ ಹೆಂಡತಿಯ ಮೇಲೆ ಸಂಶಯ ಬಂತು. ಮಗಳು ಅಮೀನಬಿಯನ್ನು ಹುನಗುಂದಕ್ಕೆ ಕೊಟ್ಟ ಮೇಲೆ ಲಾಡಬಿ ಏನಾದರೊಂದು ಕಟ್ಟಿ ಕಳಿಸುತ್ತಲೇ ಇದ್ದಳು. ನೂಲನ್ನೂ ಕಳಿಸಿದಳೇ?

ಊರ ಬಾಯಿಗೆ ಮುಚ್ಚಳವಿಲ್ಲ. ಅವನು ಕುಂಟುತ್ತ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಲಾಡಬಿ ಮಗ್ಗದ ಕುಣಿಯ ಅಂಚಿನಲ್ಲಿ ಕಾಲು ಮಡಚಿ ಕೂತಿದ್ದಳು. ಲಾಳಿ ಕೈಯಲ್ಲೇ ಇತ್ತು.

“ಪದ್ಮವ್ವ ಹೇಳಿದಳು,” ಎಂದಳು. “ನೀವು ಏನಂದ್ರಿ?”

ಅವನು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ.

“ಏನೂ ಅನ್ನಲಿಲ್ಲ, ಹೌದಲ್ಲ?” ಅವಳ ದನಿ ಏರಲಿಲ್ಲ. “ಆ ಸೀರಿ ಎಂಟು ಗಜದ್ದ ಇತ್ತು. ಹಾಸಿನ ನೂಲು ತಂದವರು ನೀವ. ‘ಈ ಸರ್ತಿ ಎಂಟರದು, ಗಿಡ್ಡ ಐತಿ, ಲಗೂ ಮುಗೀತೈತಿ’ ಅಂತ ನಕ್ಕವರೂ ನೀವ. ಮರತ್ರಿ?”

ಮರೆತಿದ್ದ. ಈಗ ನೆನಪಾಯಿತು, ನಕ್ಕಿದ್ದೂ ನೆನಪಾಯಿತು. ಯಾಕೂಬಸಾಬ ಅಲ್ಲೇ ಗೋಡೆಗೆ ಒರಗಿ ಕೂತ. ಸಂಶಯಪಟ್ಟದ್ದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳಿಗೆ ತಿಳಿಯಿತು. ಅಷ್ಟು ವರ್ಷ ಜೊತೆ ಬಾಳಿದವಳಿಗೆ ಇಂಥದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅವನು ಕರಿ ಸೀರೆಗಳ ಗಂಟುಗಳನ್ನೆಲ್ಲ ಇಳಿಸಿ ಹರವಿಕೊಂಡು ಕೂತ. ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಲಾಡಬಿಯ ಸೀರೆ ಬಂದಾಗ ಗಂಟಿನ ಮೇಲೆ ಹನಮವ್ವ ನೇಯ್ದ ಎಂಟು ಗಜದ ಸೀರೆ ಇತ್ತು, ಪೂರ್ತಿ ಚೀಟಿ ಅದರದು. ಅದನ್ನು ನೋಡಿ ಲಾಡಬಿಯದಕ್ಕೆ ‘ಸದರ’ ಎಂದ. ಹನಮವ್ವನ ಸೀರೆ ಮಾರಾಟವಾಯಿತು, ಮಡಿಕೆಯೊಳಗಿನ ಚೀಟಿಯೂ ಸೀರೆಯ ಜೊತೆಗೇ ಹೋಯಿತು. ಅರ್ಧವಾದ ಗಂಟನ್ನು ಇನ್ನೊಂದು ಅರ್ಧ ಗಂಟಿನ ಕೆಳಗೆ ಸೇರಿಸಿದರು. ಮೇಲೆ ಪದ್ಮವ್ವನ ಒಂಬತ್ತು ಗಜ ಬಂದು ಕೂತಿತು. ಹನಮವ್ವನನ್ನು ನೋಡುತ್ತಿದ್ದ ‘ಸದರ’ ಪದ್ಮವ್ವನನ್ನು ನೋಡತೊಡಗಿತು. ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಆದರೂ ಸುಳ್ಳಾಗಿತ್ತು.

ಇನ್ನುಳಿದವನ್ನು ಬಿಚ್ಚಿದ. ಇನ್ನೂ ಹಲವು ಹಾಗೆಯೇ. ಕೊಮ್ಮೆಯ ಸೆರಗಿನದಕ್ಕೆ ಹಣಿಗೆಯ ಸೆರಗಿನ ಮಾತು, ಗೆರೆ ಇಲ್ಲದ ಒಡಲಿಗೆ ಗೆರೆಯ ಮಾತು. ತಲೆಯಿಲ್ಲದ ಮುಂಡಗಳು ಸಿಕ್ಕ ತಲೆಯನ್ನು ಹೊತ್ತು ಕೂತಂತಿದ್ದವು.

ಅವನು ರಾಚಯ್ಯನನ್ನು ಕರೆದು ತೋರಿಸಿದ. “ಲಾಡಬಿ ನುಂಗಿಲ್ರಿ. ನುಂಗಿದ್ದು ನನ್ನ ಕೈ.”

ರಾಚಯ್ಯ ಒಂದೊಂದೇ ಚೀಟಿ ತಿರುವಿ ನೋಡಿದ. ಮುಖ ಇಳಿಯಿತು. ಬಳಿಕ ವ್ಯಾಪಾರಿ ಬುದ್ಧಿ ಎದ್ದು ಕೂತಿತು. “ಹ್ವಾಗ್ಲಿ ಬಿಡು. ಆಕಿಗೆ ನೂಲು ಒಯ್ಯಿ. ಇನ್ನ ಮ್ಯಾಲೆ ಈ ಬರಿಯೂದ ಬ್ಯಾಡ. ಬಾಗಲಕೋಟ್ಯಾಗ ಛಾಪಖಾನಿ ಐತಿ. ‘ಅಸಲ ಇಳಕಲ್ಲ ಸೀರಿ, ಉತ್ತಮ ರೇಷ್ಮಿ ಸೆರಗು, ಪಕ್ಕಾ ಬಣ್ಣ, ನೋಡಲು ಮನೋಹರ’ ಅಂತ ಸಾವಿರ ಚೀಟಿ ಛಾಪಿಸಿ ಬಿಡೂಣು. ಎಲ್ಲಾಕ್ಕೂ ಅದ. ನಿನಗೂ ಆರಾಮ.”

ಆರಾಮ ಎಂಬ ಮಾತು ಕೇಳಿ ಯಾಕೂಬಸಾಬನ ಬೆನ್ನು ಆಸೆಪಟ್ಟಿತು. ಹೂಂ ಅಂದಿದ್ದರೆ ಅಂದೇ ಬಿಡುಗಡೆ. ಆದರೆ ಮನೆಯಲ್ಲಿ ಲಾಳಿ ಹಿಡಿದು ಕೂತವಳ ಮುಖ ಕಣ್ಣ ಮುಂದಿತ್ತು.

“ಎಲ್ಲಾಕ್ಕೂ ಹೊಂದೂ ಮಾತು ಯಾವುದಕ್ಕೂ ಹೇಳಿದಂಗ ಆಗಂಗಿಲ್ರಿ,” ಎಂದ. “ನೀಲಾಬಾಯಾರು ಮನೋಹರ ಕೇಳಿದ್ದಿಲ್ಲ, ಒಂಬತ್ತು ಗಜ ಕೇಳಿದ್ರು. ಛಾಪಿಸ್ರಿ, ಬ್ಯಾಡ ಅನ್ನಂಗಿಲ್ಲ. ಅಂಗಡಿ ಹೆಸರು, ಒಡಲು ಹತ್ತಿ, ಸೆರಗು ರೇಷ್ಮಿ, ಒಗಿಯೂದು ಹೆಂಗ, ಇವು ಎಲ್ಲಾಕ್ಕೂ ಒಂದ, ಅಷ್ಟ ಛಾಪಿಸ್ರಿ. ನೇದವರ ಹೆಸರು, ಉದ್ದ, ಬಣ್ಣ, ಗೆರಿ, ದಡಿ, ತೆನಿ, ಇವಕ್ಕ ಜಾಗಾ ಖಾಲಿ ಬಿಡ್ರಿ. ಕಡೀಕ ಒಂದು ಸಾಲು ಹೆಚ್ಚಿಗಿ ಬಿಡ್ರಿ, ಆ ಸೀರ್ಯಾಗಷ್ಟ ಇರೂದನ್ನ ಬರಿಯಾಕ. ಸೀರಿ ಬಿಚ್ಚಿ ಮುಂದಿಟ್ಟುಕೊಂಡು ನಾ ತುಂಬತೇನಿ. ಮ್ಯಾಲಿಂದು ನೋಡಿ ತುಂಬಂಗಿಲ್ಲ.”

“ನಿನಗ ಕೆಲಸ ಹೆಚ್ಚಾಕ್ಕೈತಲ್ಲೋ.”

“ಆಕ್ಕೈತ್ರಿ,” ಎಂದ ಯಾಕೂಬಸಾಬ.

ಛಾಪಿಸಿದ ಚೀಟಿಗಳು ಬಂದವು. ಅವನು ಗಂಟಿನ ಮೇಲೆ ಗಂಟು ಬಿಚ್ಚಿದ, ಅಳೆದ, ಬರೆದ, ಮಡಿಸಿದ. ಸಾಲುಗಳು ಭರಭರ ತುಂಬಿದವು, ಕೊನೆಯ ಸಾಲು ಮಾತ್ರ ಸತಾಯಿಸಿತು. ಒಂದೇ ತರಹದ ಎರಡು ಸೀರೆಯನ್ನು ಅಕ್ಕಪಕ್ಕ ಹಾಸಿ ನೋಡಿದರೆ, ಇದರ ಕೆಂಪು ದಾಳಿಂಬೆಯ ಕಡೆಗೆ, ಅದರ ಕೆಂಪು ಇಟ್ಟಂಗಿಯ ಕಡೆಗೆ. ಇದರ ತೆನೆ ಒತ್ತೊತ್ತಾಗಿ, ಅದರದು ಬಿಡಿಬಿಡಿಯಾಗಿ. ನೋಡುತ್ತ ಹೋದರೆ ಒಂದರಂತೆ ಒಂದಿಲ್ಲ. ಇಷ್ಟು ದಿನ ತಾನು ನೋಡಿಯೇ ಇರಲಿಲ್ಲ ಎಂದು ಅವನಿಗೆ ಅನ್ನಿಸಿತು, ಬೇಸರವೂ ಆಯಿತು.

ಕಡೆಗೆ ಲಾಡಬಿಯ ಸೀರೆ ಬಂತು, ಬಾಗಲಕೋಟೆ ನೋಡಿ ಬಂದ ಸೀರೆ. ಎಂಟು ಗಜ, ಕರಿ ಒಡಲು, ಬಿಳಿ ಗೆರೆ, ಸಣ್ಣ ದಡಿ, ಕೊಮ್ಮೆಯ ಸೆರಗು. ಕೊನೆಯ ಸಾಲಿಗೆ ಬಂದು ಲೆಕ್ಕಣಿಕೆ ನಿಂತಿತು. ತಿರುವಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಪರರ ಸೀರೆಗಳಿಗೆಲ್ಲ ಒಂದೊಂದು ಮಾತು ಸಿಕ್ಕಿತ್ತು, ಹೆಂಡತಿಯದಕ್ಕೆ ಸಿಗಲಿಲ್ಲ. ಕಣ್ಣು ಸೋತಿತ್ತೋ, ನಾಚಿಕೆ ಕಣ್ಣು ಕಟ್ಟಿತ್ತೋ. ಮಡಿಸಿ ಬಗಲಲ್ಲಿಟ್ಟುಕೊಂಡು ಮನೆಗೆ ಹೋದ.

“ಇದರಾಗ ಏನೈತಿ, ನೀನ ಹೇಳು,” ಎಂದು ಅವಳ ಮಡಿಲಲ್ಲಿ ಹಾಕಿದ.

ಲಾಡಬಿ ಕೂಡಲೇ ಮುಟ್ಟಲಿಲ್ಲ. “ಮದಲ ಇದಕ್ಕ ಏನ ಬರದಿದ್ರಿ?”

“ಸದರ ಅಂತ.”

“ಅಂದ್ರ?”

“ಮ್ಯಾಲಿನ ಸೀರಿ ಹಂಗ ಅಂತ.”

“ಅದರ ಹಿಂದಿಂದಕ್ಕ?”

“ಅದಕ್ಕೂ ಅದ.”

“ಅದರ ಹಿಂದಿಂದಕ್ಕ?”

ಅವನು ತಲೆ ಎತ್ತಲಿಲ್ಲ.

“ಹಂಗಾದ್ರ ಇಷ್ಟು ವರ್ಷ ನಾ ಏನೂ ನೇದಿಲ್ಲ,” ಎಂದಳು. “ಹನಮವ್ವ ನೇದಾಳ, ಪದ್ಮವ್ವ ನೇದಾಳ. ನಾ ಅವರ ಕೆಳಗ ಇದ್ದೆ.”

ಕ್ಷಮಿಸು ಎನ್ನಲು ಯಾಕೂಬಸಾಬನ ನಾಲಗೆ ಏಳಲಿಲ್ಲ. ಅವಳೇ ಸೀರೆ ಬಿಚ್ಚಿದಳು. ಸೆರಗಿನಿಂದ ಒಂದು ಮೊಳ ಒಳಗೆ, ಒಡಲಿನ ಮೇಲೆ ಅವಳ ಬೆರಳು ಹೋಗಿ ನಿಂತಿತು. ಅವನ ಕೈ ಹಿಡಿದು ಅಲ್ಲಿಟ್ಟಳು.

“ಇಲ್ಲಿ ನಾಕು ಬಟ್ಟು ನೇಯಿಗಿ ಸಡ್ಲ ಐತಿ. ಅಮೀನಬಿ ಗಂಡನ ಮನಿಗೆ ಹೋದ ದಿನ ನೇದದ್ದು. ಕೈಯಾಗ ಬಲ ಇದ್ದಿಲ್ಲ, ಹಣಗಿ ಸರಿಯಾಗಿ ಬಡದಿಲ್ಲ. ಬಿಚ್ಚಿ ಮತ್ತ ನೇಯಬೇಕಿತ್ತು, ನೇಯಲಿಲ್ಲ.”

ಕಣ್ಣಿಗೆ ಕಾಣದ್ದು ಅವನ ಬೆರಳಿಗೆ ತಿಳಿಯಿತು. “ಇದನ್ನ ಬರದ್ರ ಯಾರ ಕೊಳ್ತಾರ?”

“ಬರೀದಿದ್ರ ಮತ್ತ ತಿರುಗಿ ಬರತೈತಿ. ಮತ್ತ ನನ್ನ ಕಳ್ಳಿ ಅಂತಾರ. ಬರೀರಿ. ಹರಿದಿಲ್ಲ, ಸಡ್ಲ ಅಷ್ಟ ಅಂತ ಬರೀರಿ.”

ಅವನು ಅಲ್ಲೇ ಕುಣಿಯ ಅಂಚಿನಲ್ಲಿ ಕೂತು ಕೊನೆಯ ಸಾಲು ತುಂಬಿದ: ‘ಸೆರಗಿನಿಂದ ಒಂದು ಮೊಳ ಒಳಗೆ ಒಡಲಿನಲ್ಲಿ ನಾಲ್ಕು ಬೆರಳಿನಷ್ಟು ನೇಯ್ಗೆ ಸಡಿಲ, ಹರಿದಿಲ್ಲ. ಉಳಿದೆಡೆ ಒತ್ತು ನೇಯ್ಗೆ.’ ರಾಚಯ್ಯ ಓದಿ ಗೊಣಗಿದ. ತನ್ನ ಮಾಲಿನ ಕುಂದನ್ನು ತಾನೇ ಸಾರುವ ಅಂಗಡಿಯನ್ನು ಕಂಡಿಲ್ಲವೆಂದ. ಬೆಲೆ ತುಸು ಇಳಿಸಿದ. ಅದೇ ಮಾತಿನ ನಕಲು ಬಾದಾಮಿಯ ಒಬ್ಬ ಹೆಣ್ಣುಮಗಳಿಗೆ ಹೋಯಿತು. ಆಕೆಯ ಉತ್ತರ ಬಂತು: ಎಂಟು ಗಜವೇ ತನಗೆ ಬೇಕಾದದ್ದು, ಆ ಸಡಿಲ ಜಾಗ ತಾನು ಉಡುವ ರೀತಿಯಲ್ಲಿ ಎಳೆತ ಬೀಳದ ಕಡೆ ಬರುತ್ತದೆ, ನಡೆಯುತ್ತದೆ, ಕಳಿಸಿರಿ. ಎಲ್ಲಿದೆಯೆಂದು ಬರೆದದ್ದರಿಂದ ಆಕೆ ಕೂತಲ್ಲೇ ತೂಗಿ ನೋಡಿದ್ದಳು.

ಪಾರ್ಸಲ್ ಕಟ್ಟುವುದಕ್ಕೆ ಮೊದಲು ಮತ್ತೆ ಮಾಲು ಒಪ್ಪಿಸುವ ದಿನ ಬಂತು. ರಾಚಯ್ಯ ಲಾಡಬಿಯ ನೂಲನ್ನು ಯಾಕೂಬಸಾಬನ ಕಡೆಗೆ ನೂಕುವಾಗ ಕಟ್ಟೆಯ ಮಂದಿ ದಾರಿ ಬಿಟ್ಟರು. ಲಾಡಬಿ ತಾನೇ ಬಂದಿದ್ದಳು. ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತಳು.

“ಸಾವ್ಕಾರ್ರ, ಆವತ್ತ ಇಷ್ಟು ಮಂದಿ ಮುಂದ ನೂಲು ನುಂಗ್ಯಾಳ ಅಂದ್ರಿ. ಇವತ್ತ ಇಷ್ಟು ಮಂದಿ ಮುಂದ ನನ್ನ ಸೀರಿ ಚೀಟಿ ಓದಸ್ರಿ. ಆಮ್ಯಾಲೆ ನೂಲು ಒಯ್ತೇನಿ.”

ರಾಚಯ್ಯ ಮೀಸೆ ಸವರಿಕೊಂಡ. ಬಳಿಕ ಗಜದ ಕೋಲನ್ನು ಕೆಳಗಿಟ್ಟು, “ಓದಪ್ಪಾ,” ಎಂದ. “ಅವತ್ತ ನಾ ಅಂದದ್ದು ತಪ್ಪು. ಓದು.”

ಯಾಕೂಬಸಾಬ ಎದ್ದು ನಿಂತು ಓದಿದ. ಎಂಟು ಗಜ. ನೇಯ್ದವರು ಲಾಡಬಿ. ಒಡಲು, ಗೆರೆ, ದಡಿ, ಸೆರಗು. ಸಡಿಲ ನೇಯ್ಗೆಯ ಸಾಲನ್ನೂ ಬಿಡಲಿಲ್ಲ. ತಮ್ಮ ಕೈಯ ಕೆಲಸವನ್ನು ಹೀಗೆ ಬಾಯಿಬಿಟ್ಟು ಓದಿದ್ದನ್ನು ಕಟ್ಟೆಯ ಮಂದಿ ಅದುವರೆಗೆ ಕೇಳಿರಲಿಲ್ಲ.

ಕಟ್ಟೆಯ ಮೂಲೆಯಿಂದ ಪದ್ಮವ್ವ ಅಂದಳು: “ಯಾಕೂಬಣ್ಣಾ, ನಂದೂ ಓದು. ನಂದಕ್ಕ ಏನ ಬರದಿ?”

ಅವಳದನ್ನು ಓದಿದ. ಹನಮವ್ವ ಕೇಳಿದಳು, ಅವಳದನ್ನೂ ಓದಿದ. ಆಮೇಲೆ ಗಂಡಸರೂ ನಾಚಿಕೆ ಬಿಟ್ಟು ಕೇಳಿದರು. ಒಬ್ಬ, “ಆ ಕೆಂಪು ನಾನ ಕಾಸಿದ ಬಣ್ಣ,” ಎಂದು ಪಕ್ಕದವನಿಗೆ ಹೇಳಿದ. ಇನ್ನೊಬ್ಬ ಕಣ್ಣು ಮುಚ್ಚಿಕೊಂಡು ಕೇಳಿದ. ಬಿಸಿಲು ಕಟ್ಟೆ ದಾಟಿ ಅಂಗಡಿಯೊಳಗೆ ಬಂತು. ಯಾಕೂಬಸಾಬನ ದನಿ ಒಡೆದು ಪಿಸುಮಾತಾಗಿತ್ತು. ಚೀಟಿ ಇನ್ನೂ ಉಳಿದಿದ್ದವು, ನಿಂತೇ ಓದಿದ.

ಎಲ್ಲ ಮುಗಿದಾಗ ಲಾಡಬಿ ಇನ್ನೂ ಅಲ್ಲೇ ಇದ್ದಳು. ನೂಲಿನ ಗಂಟನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು. ಅವನು ಹೊರಲು ಕೈ ಚಾಚಿದ.

“ಬ್ಯಾಡ್ರಿ,” ಎಂದಳು. “ಭಾಳ ದಣದೀರಿ. ನಡೀರಿ, ಮನೀಗೆ ಹೋಗೂಣು.”